ಬಾಗಿಲು ಮೊದಲು ಮುಚ್ಚುತ್ತೆ, ಸದ್ದು ಆಮೇಲೆ ಬರುತ್ತೆ

ಮನೆಯವರೆಲ್ಲ ಮಲಗಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ನೋಡೋಣ ಅಂತ ಬ್ಲೂಟೂತ್ ಹೆಡ್‌ಫೋನ್ ತಗೊಂಡೆ. ಮೊದಲ ರಾತ್ರಿಯೇ ಕಿರಿಕಿರಿ. ತುಟಿ ಅಲ್ಲಾಡಿ ನಿಂತ ಮೇಲೆ ಮಾತಿನ ಕೊನೆ ಕೇಳಿಸುತ್ತಿತ್ತು.

ಮೊದಲು ಫೈಲೇ ಸರಿಯಿಲ್ಲ ಅಂದುಕೊಂಡೆ. ಬ್ಲೂಟೂತ್ ಆಫ್ ಮಾಡಿ ಅದೇ ದೃಶ್ಯವನ್ನು ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೇಳಿದರೆ ಎಲ್ಲ ಸರಿಯಾಗಿತ್ತು. ಹಾಗಾಗಿ ತಪ್ಪು ಫೈಲ್‌ನದ್ದಲ್ಲ. ಇನ್ನೊಂದು ಗುರುತೂ ಇದೆ. ಬ್ಲೂಟೂತ್‌ನಿಂದಾಗುವ ತಡ ಸಿನಿಮಾದ ಶುರುವಿನಲ್ಲೂ ಕೊನೆಯಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೋಗ್ತಾ ಹೋಗ್ತಾ ಜಾಸ್ತಿ ಆದರೆ ಫೈಲನ್ನೋ ಪ್ಲೇಯರನ್ನೋ ಅನುಮಾನಿಸಬೇಕು.

ತಡ ಯಾಕೆ ಅಂದರೆ, ಲ್ಯಾಪ್‌ಟಾಪ್ ಧ್ವನಿಯನ್ನು ಕುಗ್ಗಿಸಿ ಕಳಿಸುತ್ತದೆ, ಹೆಡ್‌ಫೋನ್ ಅದನ್ನು ಬಿಡಿಸುತ್ತದೆ. ಸಿಗ್ನಲ್ ಚೂರು ತಪ್ಪಿದರೂ ಹಾಡು ಕಡಿಯಬಾರದು ಅಂತ ಒಂದಿಷ್ಟು ಧ್ವನಿಯನ್ನು ಬಫರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸಮಯ ಹೆಚ್ಚಾಗಿ ತಿನ್ನುವುದು ಈ ಬಫರ್. ಹೀಗೆ ಕುಗ್ಗಿಸಿ ಬಿಡಿಸುವ ವಿಧಾನಕ್ಕೆ ಕೋಡೆಕ್ ಅಂತಾರೆ. ಎಸ್‌ಬಿಸಿ ಅನ್ನುವ ಕೋಡೆಕ್‌ನಲ್ಲಿ ಸುಮಾರು 200 ಮಿಲಿಸೆಕೆಂಡ್ ತಡ ಮಾಮೂಲಿ. ಹಾಡಿಗೆ ಇದು ಗೊತ್ತೇ ಆಗುವುದಿಲ್ಲ.

ಧ್ವನಿಯನ್ನು ಬೇಗ ತರಲು ಆಗದಿದ್ದರೆ ಏನಂತೆ, ಚಿತ್ರವನ್ನು ಅಷ್ಟೇ ತಡ ಮಾಡಿದರಾಯಿತು, ಅಲ್ವಾ? ನಾನು ವಿಎಲ್‌ಸಿ ಪ್ಲೇಯರ್ ಬಳಸುತ್ತೇನೆ. ವಿಂಡೋಸ್‌ನಲ್ಲಿ J ಒತ್ತಿದರೆ ಚಿತ್ರಕ್ಕೆ ಹೋಲಿಸಿದರೆ ಧ್ವನಿ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ, K ಒತ್ತಿದರೆ ಅಷ್ಟೇ ಹಿಂದೆ ಸರಿಯುತ್ತದೆ. ಪಾತ್ರವೊಂದು ಬಾಗಿಲನ್ನು ಧಡಾರನೆ ಹಾಕುವ ದೃಶ್ಯ ಹುಡುಕಿ, ಅದನ್ನೇ ಮತ್ತೆ ಮತ್ತೆ ಓಡಿಸುತ್ತಾ J ಒತ್ತುತ್ತಾ ಹೋದೆ. −100ಕ್ಕೇ ಪರವಾಗಿಲ್ಲ ಅನ್ನಿಸಿತು. ಅಲ್ಲಿಗೆ ನಿಲ್ಲಿಸಲಿಲ್ಲ. −300ಕ್ಕೆ ಬಂದಾಗ ಬಾಗಿಲು ಚೌಕಟ್ಟಿಗೆ ತಾಗುವ ಮೊದಲೇ ಸದ್ದು ಬಂತು. ಎರಡು ಸಲ K ಒತ್ತಿ −200ಕ್ಕೆ ಬಂದೆ. ಸದ್ದು ತುಸು ತಡವಾದರೆ ನಾವು ಸಹಿಸುತ್ತೇವೆ, ಮುಂಚೆ ಬಂದರೆ ಥಟ್ಟನೆ ಗೊತ್ತಾಗುತ್ತದೆ. ಅದಕ್ಕೇ ಮುಂಚೆ ಬರುವ ತನಕ ಒತ್ತಿ, ಆಮೇಲೆ ಹಿಂದೆ ಬರುವುದು ಸುಲಭ.

ಹೊಸ ಫೈಲ್ ತೆರೆದಾಗ ಈ ಅಂಕಿ ಸೊನ್ನೆಗೆ ಮರಳುತ್ತದೆ. ಎಂಪಿವಿ ಪ್ಲೇಯರ್ ಬಳಸುವವರು `mpv.conf` ಫೈಲ್‌ನಲ್ಲಿ ಖಾಯಂ ಬರೆದಿಡಬಹುದು, ಅಲ್ಲಿ ಲೆಕ್ಕ ಸೆಕೆಂಡ್‌ನಲ್ಲಿ:

```
audio-delay=-0.2
```

ನಾನೂ ಬರೆದಿಟ್ಟಿದ್ದೆ. ಒಂದು ದಿನ ಚಾರ್ಜ್ ಮುಗಿಯಿತು ಅಂತ ವೈರ್ ಹೆಡ್‌ಫೋನ್ ಚುಚ್ಚಿದೆ. ಈಗ ಮಾತು ತುಟಿಗಿಂತ ಮುಂಚೆ! ಆ ಸಾಲು ನೆನಪಿಗೆ ಬರುವ ತನಕ ಸುಮ್ನೆ ವೈರನ್ನು ಬೈದೆ.

ಟಿವಿಯಲ್ಲಿ ಈ ಉಪಾಯ ಅಷ್ಟು ಸುಲಭವಲ್ಲ. ಹಲವು ಟಿವಿಗಳ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಇನ್ನಷ್ಟು ತಡ ಮಾಡಬಹುದೇ ಹೊರತು ಚಿತ್ರವನ್ನು ತಡೆಹಿಡಿಯಲು ಬರುವುದಿಲ್ಲ. ಅಲ್ಲಿ ನಾನು ವೈರನ್ನೇ ಬಳಸುತ್ತೇನೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅನ್ನುವ ಕೋಡೆಕ್ ಇರುವ ಟ್ರಾನ್ಸ್‌ಮಿಟರ್ ಹಾಕಿದರೆ ತಡ ಸುಮಾರು 40 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಆದರೆ ಹೆಡ್‌ಫೋನ್‌ನಲ್ಲೂ ಅದೇ ಕೋಡೆಕ್ ಇರಬೇಕು, ನನ್ನದರಲ್ಲಿ ಇಲ್ಲ.