ಮಧ್ಯಾಹ್ನ ತೊಟ್ಟಿಕ್ಕುವ ರಿಲೀಫ್ ವಾಲ್ವ್: ವೆಸೆಲ್‌ಗೆ ಗಾಳಿ ಹೊಡೆದ ನನ್ನ ಅನುಭವ

ಬಿಟಿಎಂ ಲೇಔಟ್‌ನ ಒಂದು ಪಿಜಿ. ಟೆರೇಸ್ ಮೇಲೆ ಹೀಟ್ ಪಂಪ್, 500 ಲೀಟರ್ ಟ್ಯಾಂಕ್, 3 ಬಾರ್‌ಗೆ ನಿಲ್ಲುವ ಪ್ರೆಶರ್ ಪಂಪ್, ಟ್ಯಾಂಕಿನ ತಣ್ಣೀರು ಲೈನಿಗೆ ನೀರು ವಾಪಸ್ ಹೋಗದಂತೆ ತಡೆಯುವ ಎನ್‌ಆರ್‌ವಿ. ಪ್ರೆಶರ್ ಮಿತಿ ಮೀರಿದರೆ ತೆರೆದು ನೀರು ಹೊರಬಿಡುವ ರಿಲೀಫ್ ವಾಲ್ವ್ 6 ಬಾರಿನದು. ಅದು ದಿನಾ ತೊಟ್ಟಿಕ್ಕುತ್ತಿತ್ತು, ಟೆರೇಸ್ ಪಾಚಿ ಕಟ್ಟಿತ್ತು.

ನನಗಿಂತ ಮುಂಚೆ ಬಂದವರು ಎರಡು ವಾಲ್ವ್ ಬದಲಾಯಿಸಿದ್ದರು, ಮೂರನೆಯದು ನಾನೇ ಹಾಕಿದೆ. ಒಂದೊಂದಕ್ಕೂ ಒಂಬೈನೂರು ರೂಪಾಯಿ ಆಸುಪಾಸು, ಕೂಲಿ ಬೇರೆ. ಆದರೂ ಮತ್ತೆ ಅದೇ ಕಥೆ. ಇನ್ನೊಬ್ಬ ಪ್ಲಂಬರ್ ಬಂದು ಪ್ಲಗ್ ಹೊಡೆದುಬಿಡೋಣ ಅಂದ. ಬಾಂಬ್ ಕಟ್ಟಿಟ್ಟ ಹಾಗೆ ಅದು, ನಾನು ಒಪ್ಪಲಿಲ್ಲ.

ನಾನು ಮಾಡಿದ್ದು ಸುಮ್ನೆ ಒಂದು ಬಕೆಟ್ ಇಟ್ಟಿದ್ದು. ಬೆಳಿಗ್ಗೆ ಹುಡುಗರೆಲ್ಲ ಸ್ನಾನ ಮಾಡಿ ಟ್ಯಾಂಕ್ ತಣ್ಣಗಾಗುತ್ತಿತ್ತು, ಅವರು ಆಫೀಸಿಗೆ ಹೋದ ಮೇಲೆ ನೀರು 25ರಿಂದ 60 ಡಿಗ್ರಿಗೆ ಏರುತ್ತಿತ್ತು. ಒಂದು ನಲ್ಲಿಯೂ ತೆರೆಯುವವರಿಲ್ಲ. ಆ ಹೊತ್ತಿಗೇ ತೊಟ್ಟಿಕ್ಕು ಶುರು, ಕಾದು ಮುಗಿದರೆ ನಿಲುಗಡೆ. ಬಕೆಟ್‌ನಲ್ಲಿ ಏಳು ಲೀಟರಿಗೆ ಸ್ವಲ್ಪ ಕಮ್ಮಿ. ಅಷ್ಟು ಕಾದರೆ ನೀರು ನೂರಕ್ಕೆ 1.4 ಪಾಲಿನಷ್ಟು ಹಿಗ್ಗುತ್ತದೆ, 500 ಲೀಟರಿಗೆ ಸುಮಾರು 7. ಎನ್‌ಆರ್‌ವಿ ಹಿಂದೆ ಹೋಗಲು ಬಿಡುವುದಿಲ್ಲ, ಹಾಗಾಗಿ ಅದು ವಾಲ್ವ್ ಎತ್ತಿಕೊಂಡು ಹೊರಬರುತ್ತದೆ. ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದ್ದರೆ ಬೇರೆ ವಿಚಾರ, ಆಗ ಸೀಟಿನಲ್ಲಿ ಕಸ ಇರಬೇಕು, ಇಲ್ಲಾ ಪಂಪ್ ಪ್ರೆಶರ್ ಜಾಸ್ತಿ ಇರಬೇಕು.

24 ಲೀಟರ್ ಎಕ್ಸ್‌ಪಾನ್ಶನ್ ವೆಸೆಲ್ ತಂದೆ, ನಾಲ್ಕು ಸಾವಿರ ಚಿಲ್ಲರೆ. ಒಳಗೆ ರಬ್ಬರ್, ಅದರ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು; ಹಿಗ್ಗಿದ ನೀರು ಗಾಳಿಯನ್ನು ಅದುಮಿ ಒಳಗೆ ಜಾಗ ಮಾಡಿಕೊಳ್ಳುತ್ತದೆ. ಎನ್‌ಆರ್‌ವಿಗೂ ಟ್ಯಾಂಕಿಗೂ ನಡುವೆ ಕೂರಿಸಿದೆ. ಜೊತೆಯವರೆಲ್ಲ "ಏನಣ್ಣಾ, ಟ್ಯಾಂಕಿಗೆ ಬಲೂನ್ ಕಟ್ಟಿದ್ದೀಯಾ?" ಅಂತ ನಕ್ಕರು. ಮಾರನೇ ದಿನ ನೋಡಿದರೆ ಬಕೆಟ್‌ನಲ್ಲಿ ಅರ್ಧ ಲೀಟರ್ ಮೇಲಿತ್ತು. ಕಡಿಮೆಯಾಗಿತ್ತು, ನಿಂತಿರಲಿಲ್ಲ. ಗಾಳಿ ವಾಲ್ವಿಗೆ ಗೇಜ್ ಒತ್ತಿದೆ, 3 ಬಾರ್ ತೋರಿಸಿತು. ಚಾರ್ಜ್, ಅಂದರೆ ನೀರು ಬಿಡುವ ಮುಂಚೆ ತುಂಬಿಟ್ಟ ಗಾಳಿಯ ಪ್ರೆಶರ್, ಸರಿಯಿದೆ ಅಂದುಕೊಂಡೆ. ನಾನು ಮೋಸ ಹೋದದ್ದು ಅಲ್ಲೇ. ಆ ಕಡೆ ನೀರು 3 ಬಾರಿನಲ್ಲಿ ಒತ್ತುತ್ತಿರುವಾಗ ಈ ಕಡೆಯ ಗಾಳಿಯೂ ಅಷ್ಟನ್ನೇ ತೋರಿಸುತ್ತದೆ, ಒಳಗೆ ತುಂಬಿದ ಗಾಳಿ ಎಷ್ಟು ಕಮ್ಮಿಯಿದ್ದರೂ.

ಚಾರ್ಜ್ ಇನ್ನೂ ಜಾಸ್ತಿ ಇದ್ದರೆ ಒಳ್ಳೆಯದೇನೋ ಅಂತ ಇನ್ನೊಂದು ಹುಚ್ಚು ಪ್ರಯೋಗ ಮಾಡಿದೆ. ಇನ್ನೊಂದು ದಿನ ನೀರು ಖಾಲಿ ಮಾಡಿ 5 ಬಾರ್ ಹೊಡೆದೆ. ಬಕೆಟ್‌ನಲ್ಲಿ ಮೂರೂವರೆ ಲೀಟರ್! ಪ್ರೆಶರ್ 5 ಮುಟ್ಟುವವರೆಗೆ ಒಂದು ಹನಿಯೂ ವೆಸೆಲ್ ಒಳಗೆ ಹೋಗದು, ಅಷ್ಟರಲ್ಲಿ 6 ಹತ್ತಿರ ಬಂದಿರುತ್ತದೆ. ಓನರ್ ಮೇಲೆ ಬಂದು ನೋಡಿ "ಏನ್ರೀ ಇದು, ಮೊದಲೇ ಚೆನ್ನಾಗಿತ್ತು" ಅಂದರು.

ರಾತ್ರಿ ಕೂತು, ಗೇಜ್ ಅಂಕಿಗೆಲ್ಲ ಹೊರಗಿನ ಗಾಳಿಯ 1 ಬಾರ್ ಕೂಡಿಸಿ ಲೆಕ್ಕ ಹಾಕಿದೆ. ಪೆಟ್ಟಿಗೆಯಿಂದ ಬಂದಾಗ ಚಾರ್ಜ್ 1.5 ಇತ್ತು. ಪಂಪಿನ 3 ಬಾರ್ ಬಂದ ಕೂಡಲೇ, ಕಾಯುವ ಮುಂಚೆಯೇ, ತಣ್ಣೀರು 9 ಲೀಟರ್ ನುಗ್ಗಿ ಕುಳಿತುಬಿಟ್ಟಿತ್ತು. ಉಳಿದ 15 ಲೀಟರ್ ಗಾಳಿ 6 ಬಾರಿಗೆ ಅದುಮಿದಾಗ ಬಿಡುವ ಜಾಗ ಆರು ಚಿಲ್ಲರೆ ಲೀಟರ್, ಬೇಕಾದದ್ದು 7. ವೆಸೆಲ್ ಸಣ್ಣದಲ್ಲ, ಅದರ ಜಾಗವನ್ನು ತಣ್ಣೀರು ತಿಂದಿತ್ತು.

ಮರುದಿನ ಹೀಟ್ ಪಂಪ್ ಆಫ್ ಮಾಡಿ, ತಣ್ಣೀರು ಲೈನ್ ಬಂದ್ ಮಾಡಿ, ಡ್ರೈನ್ ಕಾಕ್ ತೆರೆದು ನೀರಿನ ಕಡೆಯ ಗೇಜ್ ಸೊನ್ನೆ ಮಾಡಿದೆ. ಡ್ರೈನ್ ತೆರೆದಿಟ್ಟುಕೊಂಡೇ ಸೈಕಲ್ ಪಂಪಿನಲ್ಲಿ 3 ಬಾರ್ ಹೊಡೆದೆ, ಅಂದರೆ ಪಂಕ್ಚರ್ ಅಂಗಡಿ ಗೇಜಿನಲ್ಲಿ 44ರ ಹತ್ತಿರ. ನೀರು ಬಿಟ್ಟು ಕಾಯಿಸಿದೆ. ಗೇಜ್ ಮೆಲ್ಲಗೆ ಏರಿ 4.6ರ ಹತ್ತಿರ ನಿಂತಿತು. ಆದರೂ ಒಂದೊಂದು ಹನಿ! ಮೊದಲೇ ಬೋರ್ ನೀರು, ತಿಂಗಳುಗಟ್ಟಲೆ ತೆರೆದು ಮುಚ್ಚಿ ವಾಲ್ವ್ ಸೀಟಿಗೆ ಸುಣ್ಣ ಕೂತಿತ್ತು. ನಾಲ್ಕನೇ ವಾಲ್ವ್ ಹಾಕಿದೆ, ಒಣ ಬಕೆಟ್ ನೋಡಿದೆ. ಅದಕ್ಕೇ ಹೇಳುವುದು, ಮೊದಲು ವೆಸೆಲ್, ಆಮೇಲೆ ವಾಲ್ವ್, ಇಲ್ಲದಿದ್ದರೆ ದುಡ್ಡು ದಂಡ.

ವರ್ಷ ಕಳೆದು ಮತ್ತೆ ನೀರಿಳಿಸಿ ನೋಡಿದಾಗ ಚಾರ್ಜ್ 2.7ಕ್ಕೆ ಇಳಿದಿತ್ತು, ತುಂಬಿಸಿದೆ. ಗಾಳಿ ವಾಲ್ವಿನ ಪಿನ್ ಒತ್ತಿದಾಗ ನೀರು ಚಿಮ್ಮಿದರೆ ಒಳಗಿನ ರಬ್ಬರ್ ಹರಿದಿದೆ ಅಂತ, ಆಗ ಪಂಪ್ ಹೊಡೆದು ಪ್ರಯೋಜನ ಇಲ್ಲ. ನೀರಿಳಿಸದೆಯೇ ಚಾರ್ಜ್ ಅಂದಾಜು ಮಾಡುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಸದ್ಯ ನಾನೇ ಇಟ್ಟುಕೊಳ್ಳುತ್ತೇನೆ, ಹೊಟ್ಟೆಪಾಡು ಅಲ್ವಾ. ಬಲೂನ್ ಅಂತ ನಕ್ಕವರಲ್ಲಿ ಇಬ್ಬರು ಹೋದ ತಿಂಗಳು ಫೋನ್ ಮಾಡಿ, ಎಷ್ಟು ಲೀಟರಿನದು ತರಲಿ ಅಂತ ಕೇಳಿದರು.