ಹನ್ನೊಂದು ಗಂಟೆಯಲ್ಲಿ ನಿಂತ ಹಳದಿ ಬಾಣ

ಬದಿಯಡ್ಕದ ಹತ್ತಿರದ ಒಂದು ಎಣ್ಣೆ ಮಿಲ್ಲಿನಿಂದ ಕರೆ ಬಂತು. ಹತ್ತು ಎಚ್‌ಪಿ ಮೋಟಾರು ಇಡೀ ದಿನ ಕೊಪ್ಪರ ಅರೆಯುತ್ತಿದ್ದರೂ ಹೊಸ ಪ್ಯಾನೆಲ್ ಮೀಟರು 2.85 ಕಿಲೋವ್ಯಾಟ್ ತೋರಿಸುತ್ತಿತ್ತು. "ಕರೆಂಟು ಉಳಿತಾಯ ಆಗ್ತಾ ಉಂಟಾ ಅಣ್ಣ?" ಎಂದರು ಮಾಲಕರು. ಮೂರೂ ಫೇಸಿನಲ್ಲಿ 14 ಆಂಪಿಯರ್ ಇತ್ತು. ಆ ಲೆಕ್ಕಕ್ಕೆ ಎಂಟೂವರೆ ಕಿಲೋವ್ಯಾಟ್ ಬರಬೇಕಿತ್ತು.

ಮೀಟರಿನ ವೋಲ್ಟೇಜ್ ಟರ್ಮಿನಲ್ಲುಗಳಿಗೆ ಅನಲೈಸರಿನ ತಂತಿ ಕೊಟ್ಟು, ಕರೆಂಟನ್ನು ಸಣ್ಣದಾಗಿಸಿ ಮೀಟರಿಗೆ ಕೊಡುವ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರುಗಳ ವೈರುಗಳಿಗೆ ಕ್ಲ್ಯಾಂಪ್ ಹಾಕಿದೆ. ವೋಲ್ಟೇಜು, ಕರೆಂಟುಗಳನ್ನು ಬಾಣಗಳಾಗಿ ತೋರಿಸುವ ಫೇಸರ್ ಚಿತ್ರವನ್ನು ನಾನು ಗಡಿಯಾರದಂತೆ ಓದುತ್ತೇನೆ. ನನ್ನ ಅನಲೈಸರಿನಲ್ಲಿ ಕೆಂಪು ಫೇಸಾದ R ನ ವೋಲ್ಟೇಜ್ ಹನ್ನೆರಡಕ್ಕೆ, ಹಳದಿ Y ನಾಲ್ಕಕ್ಕೆ, ನೀಲಿ B ಎಂಟಕ್ಕೆ. ಕೆಲವು ಕಂಪೆನಿಯವರು R ಅನ್ನು ಮೂರು ಗಂಟೆಯಲ್ಲಿ ಬರೆಯುತ್ತಾರೆ. ಚಿತ್ರ ಅದೇ, ಹಾಳೆ ತಿರುಗಿಸಿದ ಹಾಗೆ ಅಷ್ಟೆ. ಬಾಣಗಳೆಲ್ಲ ಎಡಸುತ್ತಾಗಿ ತಿರುಗುತ್ತವೆ ಎಂದು ಲೆಕ್ಕ, ಹಾಗಾಗಿ ಗಡಿಯಾರದ ಮುಳ್ಳು ಹೋಗುವ ಕಡೆಗೆ ಸರಿದದ್ದು ಹಿಂದೆ ಬಿದ್ದದ್ದು.

ಮೋಟಾರಿನ ಸುರುಳಿಗೆ ಅಯಸ್ಕಾಂತ ಕ್ಷೇತ್ರ ಕಟ್ಟಿಕೊಳ್ಳಲು ಬೇಕಾದ ಕರೆಂಟು ವೋಲ್ಟೇಜಿಗಿಂತ 90 ಡಿಗ್ರಿ ಹಿಂದೆ ಇರುತ್ತದೆ. ಕೆಲಸ ಮಾಡುವ ಕರೆಂಟು ವೋಲ್ಟೇಜಿನ ಜೊತೆಗೇ ಇರುತ್ತದೆ. ನಮಗೆ ಕಾಣುವುದು ಇವೆರಡೂ ಸೇರಿದ ಬಾಣ. ಲೋಡು ಇಲ್ಲದೆ ತಿರುಗುವ ಮೋಟಾರು 70 ಡಿಗ್ರಿ ದಾಟಿ ತೋರಿಸಿದರೆ ಹೆದರಬೇಕಾಗಿಲ್ಲ. ಕೊಪ್ಪರ ಬಿದ್ದ ಮೇಲೆ ಇಲ್ಲಿ 32ಕ್ಕೆ ಇಳಿದಿತ್ತು, ಅಂದರೆ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲಾದ ಪವರ್ ಫ್ಯಾಕ್ಟರ್ 0.85.

ಪ್ರತಿ ಕರೆಂಟನ್ನೂ ಅದರದ್ದೇ ಫೇಸಿನ ವೋಲ್ಟೇಜಿನಿಂದ ಅಳೆಯಬೇಕು. ನಾನು ಕಲಿಯುವಾಗ ಎಲ್ಲವನ್ನೂ R ನಿಂದ ಅಳೆದು ಪೇಚಾಡಿದವನು. ಸರಿಯಿದ್ದರೆ ಕರೆಂಟುಗಳು ಒಂದು, ಐದು, ಒಂಬತ್ತು ಗಂಟೆಯ ಸ್ವಲ್ಪ ಆಚೆ ನಿಲ್ಲಬೇಕು. ಇಲ್ಲಿ ಕೆಂಪು, ನೀಲಿ ಸರಿ. ಹಳದಿ ಮಾತ್ರ ಐದು ಬಿಟ್ಟು ಎದುರಿಗೆ, ಹನ್ನೊಂದರ ಹತ್ತಿರ!

ಮೊದಲು ಸಂಶಯಪಟ್ಟದ್ದು ನನ್ನ ಕ್ಲ್ಯಾಂಪಿನ ಮೇಲೆಯೇ. ಅದರ ಬಾಣ ಉಳಿದ ಎರಡರಂತೆ ಮೀಟರಿನ ಕಡೆಗೇ ಇತ್ತು. ಹಾಗಾದರೆ Y ಸಿಟಿಯ ವೈರುಗಳೇ ತಿರುಮುರುವು. ಆ ಫೇಸಿನ 2.85 ಮೈನಸ್ ಆಗಿ, R ನದ್ದನ್ನು ಕಳೆದು, ಒಂದೇ ಫೇಸಿನಷ್ಟು ಉಳಿದಿತ್ತು. Y ಮತ್ತು B ಸಿಟಿಗಳು ಅದಲುಬದಲಾಗಿದ್ದರೆ ಬಾಣಗಳು ಐದು, ಒಂಬತ್ತರಲ್ಲೇ ಇದ್ದು ಬಣ್ಣ ಮಾತ್ರ ಬದಲಾಗುತ್ತಿತ್ತು, ಒಟ್ಟು ಪವರು ಸೊನ್ನೆಗೆ ಬರುತ್ತಿತ್ತು.

ಮೋಟಾರು ನಡೆಯುವಾಗ ಸಿಟಿ ವೈರು ಬಿಚ್ಚಿದರೆ ಆ ತುದಿಗಳಲ್ಲಿ ಅಪಾಯದ ವೋಲ್ಟೇಜ್ ಏರುತ್ತದೆ. ಮೈನ್ ಆಫ್ ಮಾಡಿಸಿ, Y ಸಿಟಿಯ ಎರಡು ತುದಿಗಳಾದ S1, S2 ವೈರುಗಳನ್ನು ಮೀಟರಿನಲ್ಲಿ ಬದಲಿಸಿದೆ. ಮೋಟಾರು ಹಾಕಿ ಕೊಪ್ಪರ ಸುರಿದಾಗ ಹಳದಿ ಐದರ ಆಚೆ ಬಂದು ನಿಂತಿತು, ಮೀಟರಿನಲ್ಲಿ 8.5. ಮಾಲಕರ ಮುಖ ಮಾತ್ರ ಸ್ವಲ್ಪ ಬಾಡಿತು.