ನಾಲ್ಕು ನಿಮಿಷದ ದುಡ್ಡು, ಹತ್ತು ತಿಂಗಳ ಮನೆ

2024ರ ಮೇ ತಿಂಗಳಲ್ಲಿ ಅಮ್ಮನಿಗೆ ಹೃದಯದ ಆಪರೇಷನ್ ಆಯಿತು. ಬಿಲ್ಲು 4 ಲಕ್ಷದ 20 ಸಾವಿರ. ನನ್ನ ಉಳಿತಾಯ ಖಾತೆಯಲ್ಲಿ ಒಂದೂವರೆ ಲಕ್ಷ ಇತ್ತು, 3 ಲಕ್ಷದ್ದು ಒಂದು ಎಫ್‌ಡಿ ಇತ್ತು. ಆಸ್ಪತ್ರೆಯ ವರಾಂಡದಲ್ಲಿ ಕುಳಿತೇ ಫೋನಿನಲ್ಲಿ ಎಫ್‌ಡಿ ಮುರಿದೆ. ದುಡ್ಡು ಖಾತೆಗೆ ಬಂತು, ಅಲ್ಲಿಂದ ಆಸ್ಪತ್ರೆಗೆ ಹೋಯಿತು. ನಾಲ್ಕು ನಿಮಿಷ ಹಿಡಿಯಿತು ಅಷ್ಟೆ. ಅವಧಿಗೆ ಮೊದಲೇ ಮುರಿದದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಶೇಕಡ 1 ಕಡಿಮೆ ಮಾಡಿತು. ಠೇವಣಿ ಇಟ್ಟು ಹೆಚ್ಚು ಕಡಿಮೆ ಒಂದು ವರ್ಷ ಆಗಿತ್ತು, ಹಾಗಾಗಿ ನನಗಾದ ನಷ್ಟ ಸುಮಾರು 3,000 ರೂಪಾಯಿ.

ಅದೇ ಹೊತ್ತಿಗೆ ಮಗಳ ಕಾಲೇಜಿನ ಫೀಸು ಎದುರಿಗಿತ್ತು. ಆಗಸ್ಟ್‌ನಲ್ಲಿ 6 ಲಕ್ಷ ಕಟ್ಟಬೇಕು, ಮುಂದಿನ ವರ್ಷಗಳಲ್ಲೂ ಅಷ್ಟಷ್ಟೇ. ನಾವು ಇರುವುದು ಹಾಸನದಲ್ಲಿ. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇತ್ತು, 30-40ರ ಸೈಟು, ಬಾಡಿಗೆಗೆ ಕೊಟ್ಟಿದ್ದೆವು. ಅಪ್ಪ 2021ರಲ್ಲಿ ತೀರಿಕೊಂಡಿದ್ದರು. ಅಮ್ಮ, ಪುಣೆಯಲ್ಲಿರುವ ತಂಗಿ, ನಾನು ಮೂವರೂ ಕೂತು ಮಾತಾಡಿ ಮಾರುವುದೆಂದು ತೀರ್ಮಾನಿಸಿದೆವು. ಅದು ಜೂನ್. ಆಗಸ್ಟ್ ಹೊತ್ತಿಗೆ ದುಡ್ಡು ಬಂದೇ ಬರುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಬಂದದ್ದು ಮುಂದಿನ ವರ್ಷದ ಏಪ್ರಿಲ್‌ನಲ್ಲಿ. ಆ ಹತ್ತು ತಿಂಗಳು ಎಲ್ಲಿ ಹೋಯಿತು ಅಂತ ಬರೆದಿಡಬೇಕು ಅನ್ನಿಸಿತು. ಮನೆ ಇದೆಯಲ್ಲ, ಕಷ್ಟಕ್ಕೆ ಆಗುತ್ತದೆ ಎಂದು ನನ್ನ ಹಾಗೆಯೇ ನೆಚ್ಚಿಕೊಂಡಿರುವವರು ತುಂಬ ಜನ ಇದ್ದಾರೆ.

ಮೊದಲು ರೇಟಿನ ಮಾತು. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಒಂದೂವರೆ ಲಕ್ಷ ಇದ್ದರೆ ಅದು ಒಂದೂವರೆ ಲಕ್ಷವೇ. ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಮನೆಗೆ ಪಕ್ಕದ ಮನೆಯವರು ಒಂದು ಕೋಟಿ ಅಂದರು. ಬ್ರೋಕರ್ 95 ಲಕ್ಷ ಹೇಳೋಣ ಸಾರ್, ನೋಡೋಣ ಅಂದರು. ನೋಡಲು ಬಂದವರು ತಲೆಗೊಂದು ರೇಟು ಕೇಳಿದರು. ಯಾವುದೂ ಸುಳ್ಳಲ್ಲ, ಆದರೆ ಯಾವುದೂ ದುಡ್ಡಲ್ಲ. ಕೊಳ್ಳುವವನು ತನ್ನ ಖರ್ಚನ್ನೂ ಒಳಗೇ ಲೆಕ್ಕ ಹಾಕಿಕೊಂಡು ಬಂದಿರುತ್ತಾನೆ. ಆಗ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇಕಡ 5.6, ನೋಂದಣಿ ಶುಲ್ಕ ಶೇಕಡ 1. (ಈ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡ 2 ಆಗಿದೆ.) ಅಂದರೆ 84 ಲಕ್ಷದ ಮನೆಗೆ ಕೊಳ್ಳುವವನು ಇನ್ನೂ ಐದೂವರೆ ಲಕ್ಷ ಹೊಂದಿಸಬೇಕು. ಆ ದುಡ್ಡು ನಮಗೆ ಬರುವುದಿಲ್ಲ, ಆದರೆ ನಮ್ಮ ರೇಟಿನಿಂದಲೇ ಕಡಿತವಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ಒಬ್ಬರು 88 ಲಕ್ಷಕ್ಕೆ ಒಪ್ಪಿದರು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿರುವವರು, ಒಳ್ಳೆಯ ಜನ. 2 ಲಕ್ಷ ಟೋಕನ್ ಕೊಟ್ಟರು. ನಾನು ಮನೆ ಮಾರಾಟವಾಯಿತು ಎಂದೇ ತಂಗಿಗೆ ಫೋನ್ ಮಾಡಿದೆ. ನಿಜವಾದ ಕೆಲಸ ಶುರುವಾದದ್ದೇ ಆಮೇಲೆ.

ಅವರು ಸಾಲ ಮಾಡಿ ಕೊಳ್ಳುವವರು. ಸಾಲ ಕೊಡುವ ಮೊದಲು ಬ್ಯಾಂಕು ಇಬ್ಬರನ್ನು ಕಳಿಸುತ್ತದೆ. ವಕೀಲರು ಕಾಗದ ನೋಡುತ್ತಾರೆ, ವ್ಯಾಲ್ಯುಯರ್ ಗೋಡೆ ನೋಡುತ್ತಾರೆ. ವಕೀಲರು 30 ವರ್ಷದ ಇ.ಸಿ. ಕೇಳಿದರು, ಅಂದರೆ ಮನೆಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲಿ ಸಿಕ್ಕಿತು, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ಹಳೆಯ ಪುಸ್ತಕ ಹುಡುಕಿಸಬೇಕಾಯಿತು. ಮನೆಯ ಖಾತೆ, ಅಂದರೆ ಕಂದಾಯದ ದಾಖಲೆ, ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಅಪ್ಪ ವಿಲ್ ಬರೆದಿರಲಿಲ್ಲ. ಅವರ ಸ್ವಂತ ದುಡಿಮೆಯ ಮನೆ, ಹಾಗಾಗಿ ಅಮ್ಮ, ತಂಗಿ, ನಾನು ಮೂವರಿಗೂ ಸಮಪಾಲು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮೂವರ ಹೆಸರಿಗೆ ಖಾತೆ ಮಾಡಿಸಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಎಂದಾಯಿತು, ಅದನ್ನೂ ಮಾಡಿಸಿದೆವು. ಮೂರು ವರ್ಷ ನಾವು ಸುಮ್ನೆ ಕೂತಿದ್ದೆವು. ಅಪ್ಪ ತೀರಿಕೊಂಡ ವರ್ಷವೇ ಈ ಖಾತೆ ಕೆಲಸ ಮುಗಿಸಿದ್ದರೆ ಈ ಎರಡು ತಿಂಗಳು ಪೂರ್ತಿ ಉಳಿಯುತ್ತಿತ್ತು.

ಆದರೂ ಮಾರಾಟ ಮುರಿದುಬಿದ್ದದ್ದು ಕಾಗದದಿಂದಲ್ಲ, ಮೇಲಿನ ಮಹಡಿಯಿಂದ. ಅಪ್ಪ ಮೇಲೆ ಎರಡು ರೂಮು, ಒಂದು ಹಾಲ್ ಕಟ್ಟಿಸಿದ್ದರು. ಅದಕ್ಕೆ ಪ್ಲ್ಯಾನ್ ಮಂಜೂರಾತಿ ಮಾಡಿಸಿರಲಿಲ್ಲ. ವ್ಯಾಲ್ಯುಯರ್ ಮಂಜೂರಾದ ಕೆಳಮನೆ ಮತ್ತು ಸೈಟನ್ನು ಮಾತ್ರ ಲೆಕ್ಕಕ್ಕೆ ಹಿಡಿದು 76 ಲಕ್ಷ ಎಂದು ಬರೆದರು. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆಯ ಮೌಲ್ಯದ ಶೇಕಡ 80ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. 76ರಲ್ಲಿ ಶೇಕಡ 80 ಅಂದರೆ 60 ಲಕ್ಷದ 80 ಸಾವಿರ. ನಾವು ಒಪ್ಪಿದ್ದು 88. ಉಳಿದ 27 ಲಕ್ಷ ಚಿಲ್ಲರೆ, ಅದರ ಮೇಲೆ ನೋಂದಣಿ ಖರ್ಚು ಬೇರೆ. ಅವರ ಕೈಯಲ್ಲಿ ಇದ್ದದ್ದು 18 ಲಕ್ಷ. "ಸಾರ್, ನಮಗೆ ಮನೆ ಇಷ್ಟ, ಆದರೆ ಇಷ್ಟು ಹೊಂದಿಸೋಕೆ ಆಗಲ್ಲ" ಅಂದರು. ಟೋಕನ್ ವಾಪಸ್ ಕೊಟ್ಟೆ. ಅವರ ತಪ್ಪು ಏನೂ ಇರಲಿಲ್ಲ.

ನಮ್ಮ ಮನೆ ದುಡ್ಡಾಗಬೇಕಾದರೆ ಮೊದಲು ಬೇರೆ ಯಾರದೋ ದುಡ್ಡು ಸಿದ್ಧವಾಗಿರಬೇಕು ಎಂದು ನನಗೆ ಅರ್ಥವಾದದ್ದು ಆ ದಿನ. ಅವರ ಹತ್ತಿರ ಇಲ್ಲದಿದ್ದರೆ ಬ್ಯಾಂಕು ಒಪ್ಪಬೇಕು, ಬ್ಯಾಂಕು ಒಪ್ಪಬೇಕಾದರೆ ವಕೀಲರು, ವ್ಯಾಲ್ಯುಯರ್ ಇಬ್ಬರೂ ಒಪ್ಪಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಬಿಟ್ಟರೂ ಮತ್ತೆ ಮೊದಲಿನಿಂದ ಶುರು. ಉಳಿತಾಯ ಖಾತೆಗೆ ಇನ್ನೊಬ್ಬ ಗಿರಾಕಿ ಬೇಕಾಗಿಲ್ಲ. ಲಿಕ್ವಿಡಿಟಿ ಅಂದರೆ ಇದೇ ಅಲ್ವಾ? ಬೇಕಾದ ದಿನ, ಹೆಚ್ಚು ಕಡಿಮೆ ಅದೇ ಬೆಲೆಗೆ, ಬೇಕಾದಷ್ಟೇ ದುಡ್ಡು ಕೈಗೆ ಬರುವುದು.

ಆ "ಬೇಕಾದಷ್ಟೇ" ಎನ್ನುವುದೂ ನಮ್ಮನ್ನು ಕಾಡಿತು. ಆಗಸ್ಟ್‌ನಲ್ಲಿ ನನಗೆ ಬೇಕಾಗಿದ್ದದ್ದು 6 ಲಕ್ಷ. ಅಷ್ಟಕ್ಕೆ ಮನೆಯ ಒಂದು ಮೂಲೆ ಮಾರಲು ಬರುವುದಿಲ್ಲ. ಕೊನೆಗೆ ಹೆಂಡತಿ ಬೀರುವಿನಿಂದ ಒಡವೆ ತೆಗೆದಳು. ಬ್ಯಾಂಕಿನಲ್ಲಿ ತೂಗಿದರು, ಒರೆಗೆ ಹಚ್ಚಿ ನೋಡಿದರು, ಒಂದು ಗಂಟೆಯೊಳಗೆ 6 ಲಕ್ಷ ಖಾತೆಗೆ ಬಂತು. ಹಾಸನದ 22 ಕ್ಯಾರೆಟ್ ಬಂಗಾರಕ್ಕೂ ಮೈಸೂರಿನ 22 ಕ್ಯಾರೆಟ್ ಬಂಗಾರಕ್ಕೂ ವ್ಯತ್ಯಾಸ ಇಲ್ಲ, ಗ್ರಾಂ ರೇಟು ದಿನವೂ ಪೇಪರಿನಲ್ಲಿ ಬರುತ್ತದೆ. ನಮ್ಮ ಬೀದಿಯಲ್ಲೇ ಎರಡು ಮನೆ ಒಂದೇ ಥರ ಇಲ್ಲ. ಒಂದರ ಬಾಗಿಲು ಪೂರ್ವಕ್ಕೆ, ಇನ್ನೊಂದರದ್ದು ದಕ್ಷಿಣಕ್ಕೆ. ದಕ್ಷಿಣದ ಬಾಗಿಲು ಎಂದು ಕೇಳಿಯೇ ನಮ್ಮ ಮನೆಯನ್ನು ಒಳಗೆ ಬಂದು ನೋಡದೆ ಹೋದವರಿದ್ದಾರೆ. ಒಡವೆ ಸಾಲಕ್ಕೆ ಶೇಕಡ ಒಂಬತ್ತೂವರೆ ಬಡ್ಡಿ. ಎಂಟು ತಿಂಗಳಿಗೆ 38,000 ಆಯಿತು. ಮನೆ ಸಮಯಕ್ಕೆ ಮಾರಾಟವಾಗದ್ದಕ್ಕೆ ನಾವು ತೆತ್ತ ಬೆಲೆ ಅದು.

2025ರ ಜನವರಿಯಲ್ಲಿ ಎರಡನೆಯವರು ಬಂದರು. ಅವರು ಊರಲ್ಲಿ ಜಮೀನು ಮಾರಿ ದುಡ್ಡು ಇಟ್ಟುಕೊಂಡಿದ್ದರು, 40 ಲಕ್ಷ ಮಾತ್ರ ಸಾಲ ಬೇಕಿತ್ತು. ಹಾಗಾಗಿ ವ್ಯಾಲ್ಯುಯರ್ 76 ಬರೆದರೂ ಅವರಿಗೆ ತೊಂದರೆ ಆಗಲಿಲ್ಲ. ಅದು ಅವರಿಗೂ ಗೊತ್ತಿತ್ತು. 84 ಲಕ್ಷಕ್ಕೆ ನಿಂತರು. ಮಹಡಿಗೆ ಮಂಜೂರಾತಿ ಇಲ್ಲದ ಮನೆಯನ್ನು ಕೊಳ್ಳಬಲ್ಲವರು ಹತ್ತರಲ್ಲಿ ಇಬ್ಬರೋ ಮೂವರೋ. ಮೂರು ತಿಂಗಳು ಕಾದರೆ 88 ಕೊಡುವವರು ಸಿಗಬಹುದಿತ್ತೇನೋ. ಆದರೆ ಒಡವೆಯ ಬಡ್ಡಿ ಓಡುತ್ತಿತ್ತು, ಬಾಡಿಗೆದಾರರು ಖಾಲಿ ಮಾಡಿ ಹೋಗಿದ್ದರು. ಒಪ್ಪಿದೆವು. ಆ ನಿರ್ಧಾರ ಸರಿ ಎಂದೇ ಈಗಲೂ ನನಗೆ ಅನ್ನಿಸುತ್ತದೆ.

ಕ್ರಯದ ಕರಾರು ಬರೆಸಿ 8 ಲಕ್ಷ 40 ಸಾವಿರ ಮುಂಗಡ ತೆಗೆದುಕೊಂಡೆವು, ಚೆಕ್‌ನಲ್ಲೇ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಏಪ್ರಿಲ್ ಎರಡನೇ ವಾರ ನೋಂದಣಿ. ತಂಗಿ ಪುಣೆಯಿಂದ ರಜೆ ಹಾಕಿ ಬಂದಳು. ಅಮ್ಮ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಹೆಬ್ಬೆಟ್ಟು ಒತ್ತಿದರು, ಫೋಟೊ ಕೊಟ್ಟರು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಶೇಕಡ 1 ಟಿಡಿಎಸ್ ಹಿಡಿಯಬೇಕು. ಅದು 84,000, ನಮ್ಮ ಮೂವರ ಪ್ಯಾನ್ ಹೆಸರಿಗೆ ಕಟ್ಟಿದರು. ನಮ್ಮ ತೆರಿಗೆಯಲ್ಲಿ ಅದು ವಜಾ ಆಗುತ್ತದೆ, ಆದರೆ ಆ ದಿನ ಕೈಗೆ ಬರುವುದಿಲ್ಲ. ಉಳಿದ 74 ಲಕ್ಷ 76 ಸಾವಿರದಲ್ಲಿ ಬ್ಯಾಂಕಿನ ಡಿ.ಡಿ. 40 ಲಕ್ಷ, ಮಿಕ್ಕಿದ್ದು ಆರ್‌ಟಿಜಿಎಸ್. ದುಡ್ಡು ಬಂದ ಮೆಸೇಜು ನೋಡಿಕೊಂಡೇ ನಾವು ಸಹಿ ಹಾಕಿದ್ದು.

ಖರ್ಚಿನ ಲೆಕ್ಕ ಹೀಗಾಯಿತು. ಬ್ರೋಕರ್‌ಗೆ ಶೇಕಡ ಒಂದೂವರೆ, 1 ಲಕ್ಷ 26 ಸಾವಿರ. ಸುಣ್ಣಬಣ್ಣ, ರಿಪೇರಿಗೆ 1 ಲಕ್ಷ 10 ಸಾವಿರ. ವಕೀಲರು, ಖಾತೆ, ಕಾಗದಪತ್ರಕ್ಕೆ 38 ಸಾವಿರ. ಒಂಬತ್ತು ತಿಂಗಳು ಖಾಲಿ ಇದ್ದದ್ದರಿಂದ ತಪ್ಪಿದ ಬಾಡಿಗೆ, ತಿಂಗಳಿಗೆ 14 ಸಾವಿರದಂತೆ 1 ಲಕ್ಷ 26 ಸಾವಿರ. ಒಟ್ಟು 4 ಲಕ್ಷ. ಎಫ್‌ಡಿ ಮುರಿದಾಗ ನೂರಕ್ಕೆ ಒಂದು ರೂಪಾಯಿ ಹೋಗಿತ್ತು. ಇಲ್ಲಿ ನೂರಕ್ಕೆ ಸುಮಾರು ನಾಲ್ಕು ಮುಕ್ಕಾಲು. ಬಂಡವಾಳ ಲಾಭದ ತೆರಿಗೆ ಇದರ ಮೇಲೆ ಬೇರೆ. ಅಪ್ಪ 2001ಕ್ಕಿಂತ ಮುಂಚೆಯೇ ಕಟ್ಟಿದ ಮನೆಯಾದ್ದರಿಂದ 2001ರ ಏಪ್ರಿಲ್ 1ರ ಮೌಲ್ಯವನ್ನು ವ್ಯಾಲ್ಯುಯರ್ ಹತ್ತಿರ ಬರೆಸಿಕೊಂಡು ಅದನ್ನೇ ಮೂಲ ಬೆಲೆಯಾಗಿ ಹಿಡಿದೆವು. ತಂಗಿ ತನ್ನ ಪಾಲನ್ನು ಫ್ಲ್ಯಾಟಿಗೆ ಹಾಕುವುದರಿಂದ ಅವಳಿಗೆ ವಿನಾಯಿತಿ ಇದೆ. ನನಗೆ ಬೇಕಾಗಿದ್ದದ್ದು ನಗದು, ಹಾಗಾಗಿ ನನ್ನ ಪಾಲಿನ ತೆರಿಗೆ ಕಟ್ಟಿದೆ. 95 ಲಕ್ಷದ ಮನೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ತೆರಿಗೆಗೆ ಮುಂಚೆ ನನ್ನ ಪಾಲಿಗೆ ಉಳಿದದ್ದು 26 ಲಕ್ಷ 67 ಸಾವಿರ.

ಮೊದಲು ಒಡವೆ ಬಿಡಿಸಿಕೊಂಡು ಬಂದೆ. ಉಳಿದದ್ದರಲ್ಲಿ ಒಂದು ವರ್ಷದ ಫೀಸು ಮತ್ತು ಆಸ್ಪತ್ರೆಗೆಂದು 10 ಲಕ್ಷ ಬೇರೆ ಮಾಡಿದೆ. ಅದನ್ನು ಒಂದೇ ಎಫ್‌ಡಿ ಮಾಡಲಿಲ್ಲ. ಒಂದೊಂದು ಲಕ್ಷದ ಹತ್ತು ಎಫ್‌ಡಿ ಮಾಡಿ, ಎರಡು ಬ್ಯಾಂಕಿನಲ್ಲಿ ಐದೈದು ಇಟ್ಟೆ. ಎರಡು ಲಕ್ಷ ಬೇಕಾದರೆ ಎರಡನ್ನೇ ಮುರಿದರೆ ಸಾಕು, ಉಳಿದ ಎಂಟರ ಬಡ್ಡಿ ಹಾಗೇ ನಡೆಯುತ್ತದೆ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ಮಾತ್ರ, ಅದಕ್ಕೇ ಎರಡು ಬ್ಯಾಂಕು. ಎಲ್ಲದರಲ್ಲೂ ಹೆಂಡತಿಯ ಹೆಸರನ್ನು ನಾಮಿನಿ ಹಾಕಿಸಿದ್ದೇನೆ.

ಹಾಸನದಲ್ಲಿ ನಾವಿರುವ ಮನೆಯನ್ನು ಮಾರುವ ಯೋಚನೆ ಇಲ್ಲ. ಆದರೂ ಹೋದ ತಿಂಗಳು ಅದರ ಕ್ರಯಪತ್ರ, ಮಂಜೂರಾದ ಪ್ಲ್ಯಾನ್, ಇ-ಖಾತೆ, ಹೊಸ ಇ.ಸಿ., ಕಂದಾಯದ ರಸೀದಿ ಎಲ್ಲ ಸೇರಿಸಿ ಒಂದು ಫೈಲ್ ಮಾಡಿದೆ. ಮಗಳು ರಜೆಗೆ ಬಂದಾಗ ಕೂರಿಸಿಕೊಂಡು ಒಂದೊಂದು ಕಾಗದವೂ ಯಾವುದು, ಯಾರು ಕೇಳುತ್ತಾರೆ ಎಂದು ತೋರಿಸಿದೆ. ವಂಶವೃಕ್ಷ ಅಂದರೇನಪ್ಪ ಎಂದು ಕೇಳಿದಳು. ಅಜ್ಜನ ಮನೆಗೆ ಮಾಡಿಸಿದ್ದರ ಪ್ರತಿ ಇತ್ತು, ಅದನ್ನೇ ತೆಗೆದು ತೋರಿಸಿದೆ.